ಕೊನೆಯ ಅಂಕಿಯ ಮಾತು

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಒಂದು ಹಳೆಯ ಹುಣಸೆಯ ತೋಪಿದೆ. ಅದರ ವಿಸ್ತಾರ 54 ಎಕರೆ. ಅಲ್ಲಿಯ ಮರಗಳಲ್ಲಿ ಅನೇಕವು ಬಹು ಪುರಾತನವಾದುವು. ಕೆಲವುಗಳ ಬೊಡ್ಡೆ ಒಳಗೆ ಟೊಳ್ಳಾಗಿದೆ. ಹೊರಗೆ ಗಂಟುಗಂಟಾಗಿ, ಹಗ್ಗ ಹೊಸೆದಂತೆ ತಿರುಚಿಕೊಂಡಿದೆ. ಮುಪ್ಪಿನಿಂದ ನೆಲಕ್ಕೊರಗಿದ ಮರವೂ ಮತ್ತೆ ಚಿಗುರಿ ನಿಂತಿರುವುದನ್ನು ಅಲ್ಲಿ ಕಾಣಬಹುದು. 2007ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. 2002ರ ಜೀವವೈವಿಧ್ಯ ಕಾಯಿದೆಯಂತೆ ಭಾರತದಲ್ಲಿ ಇಂಥ ಮನ್ನಣೆ ಪಡೆದ ಮೊದಲ ತಾಣ ಇದೇ.

ನಾನು ಇನ್ನೂ ಪಾಠ ಹೇಳುತ್ತಿದ್ದ ಕಾಲ. 2015ರ ಡಿಸೆಂಬರ್ ತಿಂಗಳಿನಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ತೋಪಿಗೆ ಕರೆದುಕೊಂಡು ಹೋಗಿದ್ದೆ. ನಾನು ಕನ್ನಡದ ಮೇಷ್ಟರು. ಹುಣಸೆಯ ತೋಪನ್ನು ಕುರಿತು ಒಂದು ಪ್ರಬಂಧ ಬರೆಯಿಸಬೇಕೆಂಬುದಷ್ಟೇ ನನ್ನ ಉದ್ದೇಶವಾಗಿದ್ದಿತು. ಆದರೆ ಮರದ ದಪ್ಪವನ್ನು ಕಂಡ ಮಕ್ಕಳಿಗೆ ಅದನ್ನು ಅಳೆಯುವ ಆಸೆ ಹುಟ್ಟಿತು. ಅಳೆಯಲಿ ಎಂದು ನಾನೂ ಒಪ್ಪಿದೆ. ಆ ದಿನ ಬರೆಯಬೇಕಾಗಿದ್ದ ಪ್ರಬಂಧ ಅಲ್ಲಿಗೇ ನಿಂತು, ಚರ್ಚೆಯೆಲ್ಲ ಒಂದು ಸಂಖ್ಯೆಯ ಸುತ್ತ ನಡೆಯಿತು.

ಮರದ ಸುತ್ತಳತೆಯನ್ನು ತೆಗೆದುಕೊಳ್ಳುವುದಕ್ಕೆ ಒಂದು ಕ್ರಮವಿದೆ. ಬುಡದಲ್ಲಿ ಬೇರುಗಳು ಉಬ್ಬಿಕೊಂಡಿರುವುದರಿಂದ ಅಲ್ಲಿ ಅಳೆದರೆ ಸುತ್ತಳತೆ ಹೆಚ್ಚಾಗಿ ಕಾಣುತ್ತದೆ. ಆದುದರಿಂದ ನಮ್ಮ ದೇಶದ ಅರಣ್ಯ ಇಲಾಖೆಯವರು ನೆಲದಿಂದ 1.37 ಮೀಟರ್ ಮೇಲೆ, ಎಂದರೆ ನಿಂತ ಮನುಷ್ಯನ ಎದೆಯ ಮಟ್ಟದಲ್ಲಿ ಅಳೆಯುವರು. ನಮ್ಮ ಮಕ್ಕಳೂ ಅಷ್ಟೇ ಎತ್ತರದಲ್ಲಿ ಹತ್ತಿಯ ಹುರಿಯನ್ನು ಬೊಡ್ಡೆಗೆ ಸುತ್ತಿದರು. ಹುರಿಯ ತುದಿ ಮುಟ್ಟಿದೆಡೆಯಲ್ಲಿ ಶಾಯಿಯ ಗುರುತು ಹಾಕಿದರು. ಆಮೇಲೆ ಹುರಿಯನ್ನು ನೆಲದ ಮೇಲೆ ನೀಳವಾಗಿ ಚಾಚಿ, ಶಾಲೆಯಿಂದ ತಂದಿದ್ದ ಮರದ ಮೀಟರ್ ಪಟ್ಟಿಯಿಂದ ಅಳೆದರು. ಒಂದೇ ಮರವನ್ನು ನಾಲ್ಕು ಗುಂಪುಗಳು ಒಂದಾದ ಮೇಲೊಂದರಂತೆ ಅಳೆದುವು. ಅವರಿಗೆ ದೊರೆತ ಅಳತೆಗಳು 512, 507, 515 ಮತ್ತು 510 ಸೆಂಟಿಮೀಟರು.

ಮರ ಒಂದೇ, ಹುರಿ ಒಂದೇ, ಪಟ್ಟಿಯೂ ಒಂದೇ. ಆದರೂ ಅಳತೆಗಳು ನಾಲ್ಕಾದುವು. ಯಾವ ಗುಂಪೂ ಅಜಾಗರೂಕತೆಯಿಂದ ಅಳೆದಿರಲಿಲ್ಲ. ಹುಣಸೆಯ ಬೊಡ್ಡೆ ಕಂಬದಂತೆ ನುಣುಪಾದುದಲ್ಲ. ಹುರಿ ಒಮ್ಮೆ ಉಬ್ಬಿನ ಮೇಲೆ ಕೂರುತ್ತದೆ, ಒಮ್ಮೆ ಅದರ ಕೆಳಗೆ ಜಾರುತ್ತದೆ. ಮರದ ಹಿಂಬದಿಯಲ್ಲಿ ಹುರಿ ನಾಲ್ಕು ಬೆರಳು ಕೆಳಗಿಳಿದಿದ್ದರೆ ಮುಂದೆ ನಿಂತವರಿಗೆ ಅದು ಕಾಣುವುದಿಲ್ಲ. ಒಬ್ಬರು ಹುರಿಯನ್ನು ಬಿಗಿಯಾಗಿ ಎಳೆಯುವರು, ಇನ್ನೊಬ್ಬರು ಸಡಿಲವಾಗಿ ಹಿಡಿಯುವರು. ಇವೆಲ್ಲ ಕೂಡಿ ಕೆಲವು ಸೆಂಟಿಮೀಟರುಗಳ ವ್ಯತ್ಯಾಸವನ್ನು ತಂದವು. ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದಾಗ ಸರಾಸರಿ 511 ಸೆಂಟಿಮೀಟರ್, ಎಂದರೆ 5.11 ಮೀಟರ್ ಬಂದಿತು.

ಜಗಳ ಹುಟ್ಟಿದ್ದು ಇದಾದ ಮೇಲೆ. ಸುತ್ತಳತೆಯಿಂದ ವ್ಯಾಸವನ್ನು ಕಂಡುಹಿಡಿಯಬೇಕಾದರೆ ಅದನ್ನು ಪೈ ಎಂಬ ಸಂಖ್ಯೆಯಿಂದ ಭಾಗಿಸಬೇಕು. ಒಬ್ಬ ಹುಡುಗನ ಬಳಿ ಕ್ಯಾಲ್ಕುಲೇಟರ್ ಇದ್ದಿತು. ಅದರಲ್ಲಿ ಪೈ ಗುಂಡಿಯನ್ನೊತ್ತಿ ಭಾಗಿಸಿ, 1.6265635 ಮೀಟರ್ ಎಂದು ಬರೆದುಕೊಂಡ. ಒಬ್ಬ ಹುಡುಗಿ ಪೈಯ ಬೆಲೆ 22/7 ಎಂದಿಟ್ಟುಕೊಂಡು, ಕಾಗದದ ಮೇಲೆ ತಾಳ್ಮೆಯಿಂದ ಭಾಗಿಸಿ, 1.6259090 ಮೀಟರ್ ಎಂದು ಬರೆದಳು.

“ಸಾರ್, ಇವಳ ಉತ್ತರ ತಪ್ಪು. ಮೂರನೆಯ ದಶಮಾಂಶ ಸ್ಥಾನದಲ್ಲೇ ಬೇರೆಯಾಗಿದೆ” ಎಂದ ಹುಡುಗ.

“ಪುಸ್ತಕದಲ್ಲಿ 22/7 ಅಂತಲೇ ಇದೆಯಲ್ಲ ಸಾರ್” ಎಂದಳು ಹುಡುಗಿ. ಅವಳ ಕಣ್ಣಿನಲ್ಲಿ ನೀರಾಡುತ್ತಿದ್ದಿತು.

ಇಬ್ಬರೂ ತೀರ್ಪಿಗಾಗಿ ನನ್ನ ಮುಖವನ್ನು ನೋಡಿದರು. ನಾನು ಹುಡುಗನನ್ನು ಕೇಳಿದೆ: “ನೀನು ಬರೆದಿರುವ ಕೊನೆಯ 5 ಎಂಬ ಅಂಕಿ ಎಷ್ಟು ಉದ್ದವನ್ನು ಸೂಚಿಸುತ್ತದಪ್ಪ?” ಅವನು ಲೆಕ್ಕ ಹಾಕತೊಡಗಿದ. ದಶಮಾಂಶ ಬಿಂದುವಿನ ಮುಂದಿನ ಎರಡನೆಯ ಸ್ಥಾನ ಸೆಂಟಿಮೀಟರಿನದು, ಮೂರನೆಯದು ಮಿಲಿಮೀಟರಿನದು, ಏಳನೆಯದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಮಿಲಿಮೀಟರಿನ ಹತ್ತರ ಒಂದು ಭಾಗಕ್ಕಿಂತ ತುಸು ಕಡಿಮೆ. ಎಂದರೆ ಅವನು ಆ ಮುದಿ ಹುಣಸೆಯ ವ್ಯಾಸವನ್ನು ಕೂದಲೆಳೆಯ ನೂರಾರು ಪಾಲುಗಳಲ್ಲಿ ಒಂದು ಪಾಲಿನವರೆಗೆ ಬಲ್ಲೆನೆಂದು ಬರೆದುಕೊಟ್ಟಂತಾಗಿದ್ದಿತು. ಮರವೇ ಅಷ್ಟು ಸ್ಥಿರವಾಗಿರುವುದಿಲ್ಲ. ಹಗಲಿನಲ್ಲಿ ಎಲೆಗಳು ನೀರನ್ನು ಆವಿಯಾಗಿ ಬಿಡುವಾಗ ಮರದ ಬೊಡ್ಡೆ ಒಂದಿಷ್ಟು ಕುಗ್ಗುತ್ತದೆ, ರಾತ್ರಿ ಮತ್ತೆ ಹಿಗ್ಗುತ್ತದೆ. ಈ ಕುಗ್ಗುಹಿಗ್ಗೇ ಅವನ ಕೊನೆಯ ಅಂಕಿಗಿಂತ ಎಷ್ಟೋ ಪಾಲು ದೊಡ್ಡದು.

ಹಾಗಾದರೆ ಯಾವ ಅಂಕಿಯವರೆಗೆ ನಂಬಬಹುದು? ಇದನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ನಾಲ್ಕು ಅಳತೆಗಳಲ್ಲಿ ಅತಿ ಚಿಕ್ಕದು 507, ಅತಿ ದೊಡ್ಡದು 515. ಇವೆರಡನ್ನೂ ಪೈಯಿಂದ ಭಾಗಿಸಿ ನೋಡಿರಿ. ಮೊದಲನೆಯದರಿಂದ 161.4, ಎರಡನೆಯದರಿಂದ 163.9 ಸೆಂಟಿಮೀಟರ್ ವ್ಯಾಸ ಬರುತ್ತದೆ. ಮರದ ನಿಜವಾದ ವ್ಯಾಸ ಇವುಗಳ ನಡುವೆ ಎಲ್ಲಿಯೋ ಇದೆ ಎಂಬುದಷ್ಟೇ ನಮಗೆ ಗೊತ್ತು. ಮೊದಲ ಎರಡು ಅಂಕಿಗಳಾದ 1 ಮತ್ತು 6ರ ವಿಷಯದಲ್ಲಿ ಸಂಶಯವಿಲ್ಲ. ಮೂರನೆಯ ಅಂಕಿ 1 ಆಗಿರಬಹುದು, 2 ಆಗಿರಬಹುದು, 3 ಅಥವಾ 4 ಆಗಿರಬಹುದು. ಅದು ಸಂಶಯದ ಅಂಕಿ. ಆದರೂ ಅದರಲ್ಲಿ ತಿಳಿವಳಿಕೆ ಇಲ್ಲದೆ ಇಲ್ಲ. ಅದು 8 ಅಲ್ಲ, 9 ಅಲ್ಲ ಎಂಬುದನ್ನಾದರೂ ನಾವು ಬಲ್ಲೆವು. ಆದುದರಿಂದ ಅದನ್ನು ಉಳಿಸಿಕೊಳ್ಳಬೇಕು. ನಾಲ್ಕನೆಯ ಅಂಕಿಯ ವಿಷಯದಲ್ಲಿ ನಮಗೆ ಏನೇನೂ ತಿಳಿಯದು. ಅಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಯಾವ ಅಂಕಿಯನ್ನಿಟ್ಟರೂ ನಮ್ಮ ಹುರಿಗೆ ಅದನ್ನು ಅಲ್ಲಗಳೆಯುವ ಶಕ್ತಿಯಿಲ್ಲ.

ಹೀಗೆ ಖಚಿತವಾಗಿ ತಿಳಿದ ಅಂಕಿಗಳನ್ನೂ ಅವುಗಳ ಬಳಿಕ ಬರುವ ಒಂದೇ ಒಂದು ಸಂಶಯದ ಅಂಕಿಯನ್ನೂ ಸೇರಿಸಿ ಸಾರ್ಥಕ ಅಂಕಿಗಳು ಎಂದು ಕರೆಯುವರು. ನಮ್ಮ ಹುಣಸೆಮರದ ವ್ಯಾಸವನ್ನು 1.63 ಮೀಟರ್ ಎಂದು ಬರೆದರೆ ಅದರಲ್ಲಿ ಮೂರು ಸಾರ್ಥಕ ಅಂಕಿಗಳಿವೆ. ಹುಡುಗನ ಉತ್ತರವನ್ನು ಮೂರು ಅಂಕಿಗೆ ಇಳಿಸಿದರೆ 1.63, ಹುಡುಗಿಯ ಉತ್ತರವನ್ನು ಇಳಿಸಿದರೂ 1.63. ಅವರಿಬ್ಬರು ಜಗಳವಾಡಿದ್ದು ಮರದ ವಿಷಯದಲ್ಲಿ ಅಲ್ಲವೇ ಅಲ್ಲ. ನಮಗೆ ಗೊತ್ತೇ ಇಲ್ಲದ ಅಂಕಿಗಳ ವಿಷಯದಲ್ಲಿ! 22/7 ಎಂಬುದು ಪೈಯ ನಿಜವಾದ ಬೆಲೆಗಿಂತ ತುಸು ಹೆಚ್ಚು. ಆ ಹೆಚ್ಚಳ ಎರಡು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಹುರಿಯ ಸಂಶಯವಾದರೋ ನೂರರಲ್ಲಿ ಸುಮಾರು ಒಂದು ಪಾಲಿನಷ್ಟಿದೆ. ಇಂಥ ಅಳತೆಗೆ 22/7 ಸಾಕು. ಹುಡುಗಿ ಕಣ್ಣೊರಸಿಕೊಂಡಳು. ಗುಣಾಕಾರ, ಭಾಗಾಕಾರಗಳಲ್ಲಿ ನೆನಪಿಡಬೇಕಾದುದು ಇಷ್ಟೇ: ಲೆಕ್ಕಕ್ಕೆ ತೆಗೆದುಕೊಂಡ ಅಳತೆಗಳಲ್ಲಿ ಯಾವುದರಲ್ಲಿ ಸಾರ್ಥಕ ಅಂಕಿಗಳು ಅತಿ ಕಡಿಮೆಯೋ, ಉತ್ತರದಲ್ಲಿಯೂ ಅಷ್ಟೇ ಅಂಕಿಗಳನ್ನು ಉಳಿಸಿಕೊಳ್ಳಬೇಕು. ಆದರೆ ಲೆಕ್ಕದ ನಡುವೆ ಅಂಕಿಗಳನ್ನು ಕತ್ತರಿಸಬಾರದು; ಒಂದೆರಡನ್ನು ಹೆಚ್ಚಾಗಿಯೇ ಇಟ್ಟುಕೊಂಡು ಹೋಗಿ ಕೊನೆಯಲ್ಲಿ ಮಾತ್ರ ಇಳಿಸಬೇಕು.

ಒಂದು ಜಾಣ ಪ್ರಶ್ನೆಯೂ ಬಂದಿತು. “ಸಾರ್, ಸರಾಸರಿ ತೆಗೆಯುವಾಗ 4ರಿಂದ ಭಾಗಿಸಿದೆವು. 4ರಲ್ಲಿ ಇರುವುದು ಒಂದೇ ಅಂಕಿ. ಹಾಗಾದರೆ ಉತ್ತರದಲ್ಲಿಯೂ ಒಂದೇ ಅಂಕಿ ಇರಬೇಕಲ್ಲವೆ?” ಇರಬೇಕಾಗಿಲ್ಲ. 4 ಎಂಬುದು ಅಳೆದು ಬಂದ ಸಂಖ್ಯೆಯಲ್ಲ, ಎಣಿಸಿ ಬಂದದ್ದು. ಗುಂಪುಗಳು ನಾಲ್ಕೇ, ನಾಲ್ಕೂಕಾಲು ಆಗಿರಲಾರವು. ಎಣಿಕೆಯಲ್ಲಿ ಸಂಶಯದ ಅಂಕಿಯೇ ಇಲ್ಲ. ಈ ಗುಣವನ್ನು ನಾವು ಉಪಯೋಗಿಸಿಕೊಳ್ಳಲೂಬಹುದು. ಒಂದು ಹುಣಸೆಬೀಜದ ಉದ್ದವನ್ನು ಮಿಲಿಮೀಟರ್ ಪಟ್ಟಿಯಿಂದ ಅಳೆದರೆ 1.4 ಸೆಂಟಿಮೀಟರ್ ಎಂದಷ್ಟೇ ಹೇಳಬಹುದು. ಹತ್ತು ಬೀಜಗಳನ್ನು ತುದಿಗೆ ತುದಿ ತಾಗುವಂತೆ ಸಾಲಾಗಿಟ್ಟು ಅಳೆದಾಗ 14.3 ಸೆಂಟಿಮೀಟರ್ ಬಂದರೆ, ಒಂದು ಬೀಜದ ಸರಾಸರಿ ಉದ್ದ 1.43 ಸೆಂಟಿಮೀಟರ್ ಎನ್ನಬಹುದು. ಇಲ್ಲಿ ಒಂದು ಅಂಕಿ ನ್ಯಾಯವಾಗಿಯೇ ಹೆಚ್ಚಿತು. ಇದನ್ನೇ 0.0143 ಮೀಟರ್ ಎಂದು ಬರೆದರೂ ಸಾರ್ಥಕ ಅಂಕಿಗಳು ಮೂರೇ. ಮುಂದಿನ ಸೊನ್ನೆಗಳು ಬಿಂದು ಎಲ್ಲಿದೆ ಎಂಬುದನ್ನು ತೋರಿಸುವ ಕಲ್ಲುಗಳಷ್ಟೇ. ಬೀಜದ ವಿಷಯದಲ್ಲಿ ಅವು ಏನನ್ನೂ ಹೇಳುವುದಿಲ್ಲ.

ಮುಂದಿನ ಸೊನ್ನೆಗಳ ಮಾತು ಹೀಗೆ ಸುಲಭ. ಹಿಂದಿನ ಸೊನ್ನೆಗಳ ಮಾತು ಅಷ್ಟು ಸುಲಭವಲ್ಲ. ಇದಕ್ಕೆ ತೋಪಿನ ವಿಸ್ತಾರವನ್ನೇ ನೋಡೋಣ. ವಿಸ್ತಾರ 54 ಎಕರೆ ಎಂದೆವು. ನಮ್ಮ ಕಡೆಯ ರೈತರಿಗೆ ಎಕರೆಯೊಡನೆ ಗುಂಟೆಯೂ ಬೇಕು. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಈಗ ಎರಡು ಬರವಣಿಗೆಗಳನ್ನು ಹೋಲಿಸಿ ನೋಡಿರಿ. ಒಬ್ಬರು “54 ಎಕರೆ” ಎಂದು ಬರೆಯುವರು. ಇನ್ನೊಬ್ಬರು “54 ಎಕರೆ 0 ಗುಂಟೆ” ಎಂದು ಬರೆಯುವರು. ಬೆಲೆ ಒಂದೇ, ಆದರೆ ಹೇಳಿಕೆ ಒಂದೇ ಅಲ್ಲ. ಮೊದಲನೆಯವರು ಎಕರೆಯ ಮಟ್ಟಕ್ಕೆ ಮಾತ್ರ ಹೇಳುತ್ತಿದ್ದಾರೆ. ನೆಲ ಅರ್ಧ ಎಕರೆ ಹೆಚ್ಚಿರಬಹುದು, ಅರ್ಧ ಎಕರೆ ಕಡಿಮೆಯಿರಬಹುದು. ಎರಡನೆಯವರು ಗುಂಟೆಗಳನ್ನೂ ಅಳೆದು ನೋಡಿದ್ದೇವೆ, ಮಿಕ್ಕದ್ದೇನೂ ಇಲ್ಲ ಎನ್ನುತ್ತಿದ್ದಾರೆ. ಅವರ ಸಂಶಯ ಅರ್ಧ ಗುಂಟೆಯದು ಮಾತ್ರ. ಅರ್ಧ ಎಕರೆ ಎಂದರೆ ಇಪ್ಪತ್ತು ಗುಂಟೆ. ಒಂದು ಬಡ ಸಂಸಾರದ ರಾಗಿಯ ಹೊಲ. ಆ ಒಂದು ಸೊನ್ನೆ ಅಷ್ಟು ನೆಲದ ವಿಷಯದಲ್ಲಿ ಸಾಕ್ಷಿ ನುಡಿಯುತ್ತದೆ. ಅಳೆಯದೆ ಅದನ್ನು ಬರೆದವನು ಸುಳ್ಳು ಸಾಕ್ಷಿ ಹೇಳಿದಂತೆಯೇ ಸರಿ.

ಎಕರೆಯನ್ನು ಹೆಕ್ಟೇರಿಗೆ ಪರಿವರ್ತಿಸುವಾಗ ಈ ವಿಚಾರ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಎಕರೆ ಎಂದರೆ 0.404686 ಹೆಕ್ಟೇರು. 54ನ್ನು ಇದರಿಂದ ಗುಣಿಸಿದರೆ 21.853044 ಬರುತ್ತದೆ. ಇದನ್ನು ಹಾಗೆಯೇ ಬರೆದವರನ್ನು ನೀವೂ ನೋಡಿರಬಹುದು. ಕೊನೆಯ ಅಂಕಿ ಇಲ್ಲಿ ಚದರ ಮೀಟರಿನ ನೂರರ ಒಂದು ಪಾಲನ್ನು, ಎಂದರೆ ಒಂದು ಅಂಗೈಯಗಲದ ನೆಲವನ್ನು ಸೂಚಿಸುತ್ತದೆ. ಎಕರೆಯ ಮಟ್ಟದಲ್ಲಿ ತಿಳಿದಿದ್ದ ನೆಲವನ್ನು ಒಂದು ಗುಣಾಕಾರ ಅಂಗೈಯ ಮಟ್ಟಕ್ಕೆ ಅಳೆದುಕೊಟ್ಟಿತೇ? 53.5 ಎಕರೆಯೂ “54” ಎಂದೇ ಬರೆಯಲ್ಪಡುತ್ತದೆ, 54.5ಕ್ಕೆ ತುಸು ಕಡಿಮೆಯಾದುದೂ “54” ಎಂದೇ. ಇವು ಸುಮಾರು 21.65ರಿಂದ 22.05 ಹೆಕ್ಟೇರಿನವರೆಗೆ ಆಗುತ್ತವೆ. ಆದುದರಿಂದ 22 ಹೆಕ್ಟೇರ್ ಎಂಬುದೇ ಸರಿಯಾದ ಉತ್ತರ. “54 ಎಕರೆ 0 ಗುಂಟೆ” ಎಂದು ನಿಜವಾಗಿ ಅಳೆದಿದ್ದರೆ 21.85 ಹೆಕ್ಟೇರ್ ಎಂದು ನಿಶ್ಚಿಂತೆಯಿಂದ ಬರೆಯಬಹುದು. ಮಾನ ಬದಲಾದ ಮಾತ್ರಕ್ಕೆ ತಿಳಿವಳಿಕೆ ಬೆಳೆಯುವುದಿಲ್ಲ.

ಸೊನ್ನೆಗಳಿಂದ ಕೊನೆಗೊಳ್ಳುವ ಸಂಖ್ಯೆಗೆ ಇನ್ನೊಂದು ಸಂಕಟವಿದೆ. ಅದು ಎಷ್ಟೇ ಶ್ರಮದಿಂದ ಬಂದಿದ್ದರೂ ಓದುವವರಿಗೆ ಅಂದಾಜಿನಂತೆ ಕಾಣುತ್ತದೆ. ಇದನ್ನು ಕುರಿತು ಭೂಮಾಪನದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಕಥೆಯಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಮ್ಮ ಬೆಂಗಳೂರಿನ ಹತ್ತಿರದ ಬಯಲಿನಲ್ಲಿ ಉಕ್ಕಿನ ಸರಪಳಿಯನ್ನು ಹಾಸಿ, ಏಳು ಮೈಲಿಗಿಂತಲೂ ಉದ್ದವಾದ ಒಂದು ನೇರ ರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನಲ್ಲಿ ಅಂಥದೇ ಇನ್ನೊಂದು ರೇಖೆಯನ್ನು ಅಳೆದು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯನ್ನು ಆರಂಭಿಸಿದನು. ತ್ರಿಕೋನಕ್ಕೆ ತ್ರಿಕೋನವನ್ನು ಹೆಣೆಯುತ್ತ ಈ ಕಾರ್ಯ ಹಲವು ದಶಕಗಳಲ್ಲಿ ಹಿಮಾಲಯದವರೆಗೆ ಸಾಗಿತು. ಅಲ್ಲಿಯ ಒಂದು ಶಿಖರದ ಎತ್ತರವನ್ನು ನೂರು ಮೈಲಿಗೂ ದೂರದ ಬಯಲಿನಿಂದ, ಆರು ಬೇರೆ ಬೇರೆ ಸ್ಥಳಗಳಲ್ಲಿ ನಿಂತು ನೋಡಿ ಲೆಕ್ಕ ಹಾಕಿದರು. ಆ ಗಣನೆಯಲ್ಲಿ ರಾಧಾನಾಥ ಸಿಕ್‌ದಾರ್ ಎಂಬ ಬಂಗಾಳದ ಗಣಿತಜ್ಞರ ಪಾತ್ರ ದೊಡ್ಡದು. 1856ರಲ್ಲಿ ಸರ್ವೇಯರ್ ಜನರಲ್ ಆಂಡ್ರ್ಯೂ ವಾ ಆ ಶಿಖರದ ಎತ್ತರ 29,002 ಅಡಿ ಎಂದು ಪ್ರಕಟಿಸಿದನು. ಅದೇ ಎವರೆಸ್ಟ್ ಶಿಖರ.

ಕಥೆ ಏನೆಂದರೆ, ಆರು ಸ್ಥಳಗಳ ಲೆಕ್ಕದ ಸರಾಸರಿ ಸರಿಯಾಗಿ 29,000 ಅಡಿಯೇ ಬಂದಿತಂತೆ. ಹಾಗೆಯೇ ಪ್ರಕಟಿಸಿದರೆ ಜನರು ಇದು ಸುಮ್ಮನೆ ಅಂದಾಜು ಎಂದುಕೊಂಡಾರು ಎಂಬ ಭಯದಿಂದ ಎರಡು ಅಡಿಗಳನ್ನು ಸೇರಿಸಿದರಂತೆ. ಇದು ಬಹುಕಾಲದಿಂದ ಬಾಯಿಂದ ಬಾಯಿಗೆ ಬಂದ ಕಥೆ. ನಡೆದಿರಬಹುದು, ನಡೆಯದೆಯೂ ಇರಬಹುದು. ಆದರೆ ಅದರಲ್ಲಿರುವ ಭಯ ಮಾತ್ರ ನಿಜವಾದುದು. 29,000 ಎಂಬ ಬರಹದಲ್ಲಿ ಮೂರು ಸೊನ್ನೆಗಳಲ್ಲಿ ಯಾವುದು ಅಳೆದು ಬಂದುದು, ಯಾವುದು ಸ್ಥಾನ ತುಂಬಲು ಕುಳಿತುದು ಎಂದು ಓದುವವನಿಗೆ ತಿಳಿಯುವುದು ಹೇಗೆ? ಇದಕ್ಕೆ ನೀವು ಕಲಿತಿರುವ ಘಾತರೂಪವೇ ಪರಿಹಾರ. 2.9 × 10⁴ ಎಂದು ಬರೆದರೆ ಸಾವಿರದ ಮಟ್ಟಕ್ಕೆ ಬಲ್ಲೆವೆಂದು ಅರ್ಥ. 2.900 × 10⁴ ಎಂದರೆ ಹತ್ತು ಅಡಿಯ ಮಟ್ಟಕ್ಕೆ. 2.9000 × 10⁴ ಎಂದರೆ ಒಂದು ಅಡಿಯ ಮಟ್ಟಕ್ಕೆ. ಬಿಂದುವಿನ ಬಳಿಕ ಕೊನೆಯಲ್ಲಿ ಬರೆದ ಸೊನ್ನೆಗೆ ಸ್ಥಾನ ತುಂಬುವ ಕೆಲಸವಿರುವುದಿಲ್ಲ. ಆದುದರಿಂದ ಅದು ಸಾರ್ಥಕ ಅಂಕಿ.

ಇನ್ನು ಆ 2 ಎಂಬ ಅಂಕಿಯ ಗತಿ ಏನಾಯಿತು? 1955ರಲ್ಲಿ ಭಾರತೀಯ ಸರ್ವೇಕ್ಷಣ ಇಲಾಖೆಯವರು ಇನ್ನೂ ಹತ್ತಿರದಿಂದ ಅಳೆದು 29,028 ಅಡಿ, ಎಂದರೆ 8,848 ಮೀಟರ್ ಎಂದು ಗೊತ್ತುಪಡಿಸಿದರು. ಮೊದಲಿನ ಸಂಖ್ಯೆಗೂ ಇದಕ್ಕೂ 26 ಅಡಿಗಳ ಅಂತರವಿದೆ. ಅಷ್ಟು ದೂರದಿಂದ ನೋಡುವಾಗ ಬೆಳಕಿನ ಕಿರಣ ಗಾಳಿಯ ಪದರಗಳಲ್ಲಿ ಬಾಗುತ್ತದೆ. ಆ ಬಾಗುವಿಕೆಯನ್ನು ಪೂರ್ತಿಯಾಗಿ ಲೆಕ್ಕಕ್ಕೆ ತರುವುದು ಆಗ ಸಾಧ್ಯವಿರಲಿಲ್ಲ. ಸಂಶಯ ಹತ್ತಾರು ಅಡಿಗಳಷ್ಟಿದ್ದಾಗ ಒಂದೊಂದು ಅಡಿಯನ್ನು ಹೇಳುವ ಅಂಕಿಗೆ ಏನು ಅರ್ಥವಿದ್ದೀತು? 2020ರಲ್ಲಿ ನೇಪಾಳ ಮತ್ತು ಚೀನಾ ದೇಶಗಳು ಕೂಡಿ ಪ್ರಕಟಿಸಿದ ಎತ್ತರ 8,848.86 ಮೀಟರ್. ಹೊಸದಾಗಿ ಬಂದ ಎರಡು ಅಂಕಿಗಳನ್ನು ಗಮನಿಸಿರಿ. ಸೆಂಟಿಮೀಟರಿನ ಮಾತನ್ನಾಡಬಲ್ಲ ಉಪಕರಣಗಳು ಬಂದಿವೆಯೆಂದು ಆ ಅಂಕಿಗಳೇ ಹೇಳುತ್ತಿವೆ.

ಎವರೆಸ್ಟಿಗೆ ಎರಡು ಅಡಿ ಕೂಡಿಸಿದವರನ್ನು ನೋಡಿ ನಗುವ ನಾವು ಅಂಥದನ್ನೇ ನಲ್ಲೂರಿನಲ್ಲಿಯೂ ಮಾಡಿದೆವು. ತೋಪಿನ ಹಳೆಯ ಮರಗಳಿಗೆ ಸುಮಾರು 400 ವರ್ಷ ವಯಸ್ಸೆಂದು ಹೇಳುವುದುಂಟು. 2007ರಲ್ಲಿಯೂ ಹಾಗೆಯೇ ಹೇಳುತ್ತಿದ್ದರೆಂದು ನಾನು ಮಕ್ಕಳಿಗೆ ತಿಳಿಸಿದ್ದೆ. ಮರುದಿನ ಒಬ್ಬ ಹುಡುಗ ತಂದ ಪ್ರಬಂಧದಲ್ಲಿ “ಈ ಮರಕ್ಕೆ ಈಗ 408 ವರ್ಷ” ಎಂದಿದ್ದಿತು. ಅವನ ಕೂಡುವ ಲೆಕ್ಕದಲ್ಲಿ ತಪ್ಪಿರಲಿಲ್ಲ. 2007ರಿಂದ 2015ಕ್ಕೆ ಎಂಟು ವರ್ಷ. 400ಕ್ಕೆ 8 ಕೂಡಿದರೆ 408.

ಆದರೆ ಆ 400 ಎಂಥದು? ಹುಣಸೆಯ ಮರದಲ್ಲಿ ವರ್ಷಕ್ಕೊಂದರಂತೆ ಎಣಿಸಬಹುದಾದ ಸ್ಪಷ್ಟವಾದ ಉಂಗುರಗಳು ಕಾಣುವುದಿಲ್ಲ. ಮುದಿಮರಗಳಲ್ಲಿ ನಡುವಿನ ತಿರುಳೇ ಕೊಳೆತು ಟೊಳ್ಳಾಗಿರುವುದರಿಂದ ಮೊದಲ ವರ್ಷಗಳ ಗುರುತು ಉಳಿದಿರುವುದೇ ಇಲ್ಲ. ಆದುದರಿಂದ ಸುಮಾರು 400 ಎಂಬುದು ನೂರರ ಮಟ್ಟದಲ್ಲಿ ಹೇಳಿದ ಮಾತು. 350 ಇರಬಹುದು, 450 ಇರಬಹುದು. ಎರಡೂ ಕಡೆ ಐವತ್ತು ವರ್ಷಗಳ ಸಂಶಯವಿರುವ ಸಂಖ್ಯೆಗೆ ಎಂಟನ್ನು ಕೂಡಿದರೆ ಆ ಎಂಟು ಸಂಶಯದೊಳಗೇ ಮುಳುಗಿಹೋಗುತ್ತದೆ. ಉತ್ತರ ಈಗಲೂ “ಸುಮಾರು 400” ಎಂಬುದೇ. ಕೂಡುವಾಗ, ಕಳೆಯುವಾಗ ಅಂಕಿಗಳೆಷ್ಟು ಎಂದು ಎಣಿಸಬಾರದು. ಎರಡು ಸಂಖ್ಯೆಗಳಲ್ಲಿ ಯಾವುದರ ಕೊನೆಯ ಸಾರ್ಥಕ ಅಂಕಿ ಹೆಚ್ಚು ಎಡಗಡೆಯ ಸ್ಥಾನದಲ್ಲಿದೆ ಎಂದು ನೋಡಬೇಕು. ಉತ್ತರ ಅಲ್ಲಿಗೇ ನಿಲ್ಲುತ್ತದೆ. ತೋಪಿನಲ್ಲಿ ಕುರಿ ಮೇಯಿಸುತ್ತಿದ್ದ ವೃದ್ಧರೊಬ್ಬರನ್ನು ಮಕ್ಕಳು “ತಾತ, ಈ ಮರಕ್ಕೆ ಎಷ್ಟು ವರ್ಷ?” ಎಂದು ಕೇಳಿದ್ದರು. “ನಮ್ಮ ತಾತನ ಕಾಲಕ್ಕೇ ಇದು ಹಿಂಗೇ ಇತ್ತಂತೆ ಕಣಪ್ಪ” ಎಂದು ಅವರು ಹೇಳಿದ್ದರು. 408 ಎಂಬ ಉತ್ತರಕ್ಕಿಂತ ಇದು ಹೆಚ್ಚು ಪ್ರಾಮಾಣಿಕವಾದ ಉತ್ತರವೆಂದು ನನಗೆ ಆಗಲೇ ತೋರಿತು.

ಸಾರ್ಥಕ ಅಂಕಿಗಳು ಹೇಳಲಾರದ ಸಂಗತಿಯೂ ಒಂದಿದೆ. ಮಾರನೆಯ ವರ್ಷ ಒಂದು ಗುಂಪು ದರ್ಜಿಯವರ ಬಟ್ಟೆಯ ಟೇಪನ್ನು ತಂದು ಅದೇ ಮರವನ್ನು ಅಳೆಯಿತು. ತುಂಡು ತುಂಡಾಗಿ ಗುರುತು ಹಾಕಿ ಮೂರು ಸಲ ಅಳೆದರು. ಮೂರು ಸಲವೂ ಉತ್ತರ ಒಂದಕ್ಕೊಂದು ಬಹಳ ಹತ್ತಿರವಿದ್ದಿತು. ಆದರೆ ಹಿಂದಿನ ಅಳತೆಗಿಂತ ಏಳೆಂಟು ಸೆಂಟಿಮೀಟರ್ ಹೆಚ್ಚಾಗಿದ್ದಿತು. ಮಕ್ಕಳಿಗೆ ಆಶ್ಚರ್ಯ. ಟೇಪನ್ನು ಬಿಡಿಸಿ ನೋಡಿದಾಗ ಅದರ ತುದಿ ಹರಿದುಹೋಗಿ, ಅಂಕಿಗಳು 2ರಿಂದ ಮೊದಲಾಗಿದ್ದುದು ಕಂಡಿತು. ಒಂದೂವರೆ ಮೀಟರಿನ ಟೇಪನ್ನು ನಾಲ್ಕು ಸಲ ಇಟ್ಟು ಅಳೆದಿದ್ದರು. ನಾಲ್ಕು ಸಲವೂ ಎರಡೆರಡು ಸೆಂಟಿಮೀಟರ್ ಹೆಚ್ಚಾಗಿ ಲೆಕ್ಕಕ್ಕೆ ಬಂದಿದ್ದುವು. ಅಳತೆಗಳು ಒಂದರೊಡನೊಂದು ಹೊಂದುವುದು ಬೇರೆ, ಅವು ನಿಜವಾಗಿರುವುದು ಬೇರೆ. ಹರಿದ ಟೇಪು ಪ್ರತಿ ಸಲವೂ ಒಂದೇ ತಪ್ಪನ್ನು ಹೇಳುತ್ತದೆ; ಅಂಕಿಗಳನ್ನು ಎಷ್ಟು ನೋಡಿದರೂ ಅದು ಗೊತ್ತಾಗುವುದಿಲ್ಲ. ಬೇರೆಯ ಪಟ್ಟಿಯೊಡನೆ ಹೋಲಿಸಿದರೆ ಮಾತ್ರ ಗೊತ್ತಾಗುತ್ತದೆ.

ಮಕ್ಕಳು ಟೇಪನ್ನು ಬಿಟ್ಟು, ಹಿಂದಿನ ವರ್ಷದಂತೆ ಹುರಿ ಹಿಡಿದು ನಾಲ್ಕು ಸಲ ಅಳೆದರು. ಈ ಸಲ ಸರಾಸರಿ 513 ಸೆಂಟಿಮೀಟರ್ ಬಂದಿತು. ಹಿಂದಿನ ವರ್ಷ 511.

“ಸಾರ್, ಮರ ಎರಡು ಸೆಂಟಿಮೀಟರ್ ಬೆಳೆದಿದೆ!” ಎಂದು ಕೂಗಿದವನು ಕ್ಯಾಲ್ಕುಲೇಟರಿನ ಹುಡುಗನ ತಮ್ಮ. ಅದನ್ನು ಶಾಲೆಯ ಗೋಡೆಪತ್ರಿಕೆಯಲ್ಲಿ ಹಾಕಬೇಕೆಂದು ಅವನ ಹಟ. ಅಷ್ಟು ಹಳೆಯ ಮರ ಇನ್ನೂ ಬೆಳೆಯುತ್ತಿದೆ ಎಂಬ ಸುದ್ದಿ ಸಂತೋಷದ್ದೇ. ನನಗೂ ಅದನ್ನು ನಂಬುವ ಆಸೆಯಿದ್ದಿತು. ಅಷ್ಟರಲ್ಲಿ, ಹಿಂದಿನ ವರ್ಷ ಕಣ್ಣಲ್ಲಿ ನೀರು ತಂದುಕೊಂಡಿದ್ದ ಹುಡುಗಿ ಹಳೆಯ ನೋಟುಪುಸ್ತಕವನ್ನು ತಂದಳು. ಈಗ ಅವಳು ಹತ್ತನೆಯ ತರಗತಿಯಲ್ಲಿದ್ದಳು. ಅದರಲ್ಲಿ ಅವಳು ಸರಾಸರಿಯನ್ನು ಮಾತ್ರವಲ್ಲದೆ ನಾಲ್ಕು ಅಳತೆಗಳನ್ನೂ ಬರೆದಿಟ್ಟಿದ್ದಳು: 512, 507, 515, 510.

“ಆವತ್ತು ಒಂದೇ ದಿನದಲ್ಲಿ ಎಂಟು ಸೆಂಟಿಮೀಟರ್ ವ್ಯತ್ಯಾಸ ಬಂದಿತ್ತಲ್ಲ ಸಾರ್. ಎರಡು ಸೆಂಟಿಮೀಟರು ಮರದ್ದೋ ಹುರಿಯದ್ದೋ ಹೇಗೆ ಹೇಳೋದು?” ಎಂದು ಅವಳು ಕೇಳಿದಳು.

ಸರಾಸರಿಯ ಸಂಶಯ ಒಂದೊಂದು ಅಳತೆಯ ಸಂಶಯಕ್ಕಿಂತ ಕಡಿಮೆ ಎಂಬುದು ನಿಜ. ಆದರೂ ಎರಡು ಸೆಂಟಿಮೀಟರಿನ ಬೆಳವಣಿಗೆಯನ್ನು ಹಿಡಿಯುವಷ್ಟು ಕಡಿಮೆ ಅದು ಆಗಿರಲಿಲ್ಲ. ಮರ ಬೆಳೆದಿರಬಹುದು, ಬೆಳೆಯದೆಯೂ ಇರಬಹುದು. ನಮ್ಮ ಅಳತೆಗಳಿಂದ ಎರಡನ್ನೂ ಹೇಳುವಂತಿರಲಿಲ್ಲ. ಗೋಡೆಪತ್ರಿಕೆಯಲ್ಲಿ ಆ ಸುದ್ದಿ ಬರಲಿಲ್ಲ.

ಅದರ ಬದಲು ಮಕ್ಕಳು ಬೇರೊಂದು ಏರ್ಪಾಡನ್ನು ಮಾಡಿಕೊಂಡರು. 1.37 ಮೀಟರ್ ಎತ್ತರದಲ್ಲಿ, ಬೊಡ್ಡೆಯ ಸುತ್ತ ಆರು ಕಡೆ, ಮರಕ್ಕೆ ನೋವಾಗದಂತೆ ಸುಣ್ಣದ ಚುಕ್ಕೆಗಳನ್ನಿಟ್ಟು, ಹುರಿ ಮೇಲೆಕೆಳಗೆ ಸರಿಯದಂತೆ ನೋಡಿಕೊಂಡರು. ಹತ್ತಿಯ ಹುರಿಯನ್ನು ಬಿಟ್ಟು, ಹಿಗ್ಗದ ಉಕ್ಕಿನ ಟೇಪನ್ನು ತಂದರು. ಒಬ್ಬನೇ ಹುಡುಗ ಒಂದೇ ಬಿಗಿಯಲ್ಲಿ ಎಳೆಯಬೇಕೆಂದೂ ಬೆಳಗ್ಗೆ ಎಂಟು ಗಂಟೆಗೇ ಅಳೆಯಬೇಕೆಂದೂ ಗೊತ್ತುಮಾಡಿದರು. ಹೀಗೆ ಐದು ಸಲ ಅಳೆದಾಗ ಅಳತೆಗಳು ಅರ್ಧ ಸೆಂಟಿಮೀಟರಿನೊಳಗೆ ಬಂದು ನಿಂತವು. ಹುಡುಗಿ ಹೊಸ ಪುಟದಲ್ಲಿ ದಿನಾಂಕ, ಎತ್ತರ, ಟೇಪಿನ ಬಗೆ, ಅಳೆದವನ ಹೆಸರು, ಐದು ಅಳತೆಗಳು ಎಲ್ಲವನ್ನೂ ಬರೆದು, ಕೊನೆಯಲ್ಲಿ 5.124 ಮೀಟರ್ ಎಂದು ಸರಾಸರಿಯನ್ನು ನಮೂದಿಸಿದಳು. ಮೂರು ಅಂಕಿಗಳಿದ್ದ ಜಾಗದಲ್ಲಿ ಈಗ ನಾಲ್ಕು ಅಂಕಿಗಳಿದ್ದುವು. “ಕೊನೆಯ 4 ಸಂಶಯದ್ದು ಸಾರ್, ಎರಡೋ ಮೂರೋ ಹೆಚ್ಚುಕಡಿಮೆ ಇರಬಹುದು” ಎಂದು ಹೇಳಿ, ಅದನ್ನೂ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿಟ್ಟಳು.